ಆರು ತಿಂಗಳು ಅಂದ್ರೆ ಎಂಟು ತಿಂಗಳು

1/6
ಮನೆ ಹುಡುಕ್ತಿರೋರೆಲ್ಲ ಒಂದ್ ನಿಮಿಷ ಇಲ್ಲಿ ನಿಲ್ಲಿ.

ಬ್ರೋಕರ್ ವಾಟ್ಸಾಪ್‌ನಲ್ಲಿ ಏಳು ಪುಟದ ಪಿಡಿಎಫ್ ಕಳಿಸ್ತಾನೆ. "ಸ್ಟ್ಯಾಂಡರ್ಡ್ ಅಗ್ರಿಮೆಂಟ್ ಗುರು, ಎಲ್ಲರದ್ದೂ ಇದೇ" ಅಂತಾನೆ. ಗುಂಪಲ್ಲಿ ಇಂಗ್ಲಿಷ್ ಚೆನ್ನಾಗಿ ಓದೋನು ಒಬ್ಬ ಇರ್ತಾನಲ್ಲ, ಅವನು ಮೇಲಿಂದ ಕೆಳಗೆ ಸ್ಕ್ರಾಲ್ ಮಾಡಿ ಗ್ರೂಪಿಗೆ ಹಾಕ್ತಾನೆ: "ಬಾಡಿಗೆ 18,000. ಅಡ್ವಾನ್ಸ್ 1 ಲಕ್ಷ. ಲಾಕ್-ಇನ್ 6 ತಿಂಗಳು. ನೋಟಿಸ್ 2 ತಿಂಗಳು. ಓಕೆನಾ?" ಎಲ್ಲರೂ ಥಂಬ್ಸ್ ಅಪ್.

ನಮ್ಮ ಗುಂಪಲ್ಲಿ ಆ ಒಬ್ಬ ನಾನೇ. ನಾನು ಬರೆದ ನಾಲ್ಕೂ ಸಾಲು ಸರಿಯಾಗೇ ಇತ್ತು. ಆದ್ರೂ ಆ ಸಾರಾಂಶದಿಂದ ನಾವು ಮೂವರೂ ಸೇರಿ 39,000 ಕಳ್ಕೊಂಡ್ವಿ. ಅದಕ್ಕೇ ಹೇಳ್ತಿದ್ದೀನಿ: ಅಗ್ರಿಮೆಂಟಲ್ಲಿರೋ ಅಂಕಿಗಳನ್ನ ಪಟ್ಟಿ ಮಾಡೋದು ಸಾರಾಂಶ ಅಲ್ಲ. "ಇಂಥ ದಿನ ಬಿಟ್ಟು ಹೋದ್ರೆ ಕೈಗೆ ಎಷ್ಟು ಬರುತ್ತೆ?" ಅನ್ನೋದಕ್ಕೆ ಉತ್ತರ ಕೊಟ್ರೆ ಮಾತ್ರ ಅದು ಸಾರಾಂಶ.

2/6
ನಮ್ಮ ಕಥೆನೇ ತಗೊಳ್ಳಿ. ಬೆಂಗಳೂರಲ್ಲಿ ಎರಡು ರೂಮಿನ ಮನೆ, ಜೂನ್ 1ರಿಂದ 11 ತಿಂಗಳು. ಬಾಡಿಗೆ 18,000, ಮೇಂಟೆನೆನ್ಸ್ 1,500. ಆರು ತಿಂಗಳಾದ್ಮೇಲೆ ಒಬ್ಬನಿಗೆ ಬೇರೆ ಊರಲ್ಲಿ ಇಂಟರ್ನ್‌ಶಿಪ್ ಸಿಕ್ತು. ಇಬ್ಬರಿಗೆ ಅಷ್ಟು ಬಾಡಿಗೆ ಕಟ್ಟೋಕಾಗಲ್ಲ. "ಲಾಕ್-ಇನ್ ನವೆಂಬರ್ 30ಕ್ಕೆ ಮುಗಿಯುತ್ತೆ, ಡಿಸೆಂಬರ್ 1ಕ್ಕೆ ಖಾಲಿ ಮಾಡೋಣ" ಅಂದ್ಕೊಂಡ್ವಿ.

ಓನರ್ ಅಂಕಲ್ ಸಿಟ್ಟೇನೂ ಮಾಡ್ಲಿಲ್ಲ. ಪಿಡಿಎಫ್ ತೆಗೆದು ಒಂದು ಸಾಲು ತೋರಿಸಿದ್ರು ಅಷ್ಟೇ. ನೋಟಿಸ್ ಕೊಡೋಕೆ ಅವಕಾಶ ಇರೋದು ಲಾಕ್-ಇನ್ *ಮುಗಿದ ಮೇಲೆ*. ಅಂದ್ರೆ ಎರಡು ತಿಂಗಳ ಲೆಕ್ಕ ಶುರುವಾಗೋದೇ ಡಿಸೆಂಬರ್ 1ಕ್ಕೆ. ಆರು ಪ್ಲಸ್ ಎರಡು, ಎಂಟು. ನಾವು ಸಹಿ ಹಾಕಿದ್ದು ಎಂಟು ತಿಂಗಳಿಗೆ, ಓದ್ಕೊಂಡಿದ್ದು ಆರು ಅಂತ.

ಲೆಕ್ಕ ನೋಡಿ:
ಅಡ್ವಾನ್ಸ್ 1,00,000
ಎರಡು ತಿಂಗಳ ಬಾಡಿಗೆ − 36,000
ಎರಡು ತಿಂಗಳ ಮೇಂಟೆನೆನ್ಸ್ − 3,000
ಪೇಂಟಿಂಗ್, ಒಂದು ತಿಂಗಳ ಬಾಡಿಗೆ − 18,000
ವಾಪಸ್ ಬಂದಿದ್ದು 43,000

ನೋಟಿಸನ್ನ ಲಾಕ್-ಇನ್ ಒಳಗೇ, ಅಕ್ಟೋಬರ್ 1ಕ್ಕೆ ಕೊಡಬಹುದು ಅಂತ ಬರೆಸಿ, ಆ ದಿನವೇ ಕೊಟ್ಟಿದ್ರೆ? ಎರಡೂ ಒಟ್ಟಿಗೆ ನವೆಂಬರ್ 30ಕ್ಕೆ ಮುಗೀತಿತ್ತು. 82,000 ವಾಪಸ್ ಬರ್ತಿತ್ತು. 39,000ದ ವ್ಯತ್ಯಾಸ ಬಂದಿದ್ದು "ಮುಗಿದ ಮೇಲೆ" ಅನ್ನೋ ಎರಡು ಪದದಿಂದ.

3/6
"ಕಾನೂನು ನಮ್ಮ ಕಡೆ ಇದೆ, ಅಡ್ವಾನ್ಸ್ ಎರಡೇ ತಿಂಗಳದ್ದು ತಗೋಬೇಕು" ಅಂತ ರೀಲ್ಸ್ ಹಾಕೋರೇ, ಸ್ವಲ್ಪ ತಾಳಿ. ಆ ಎರಡು ತಿಂಗಳ ಮಿತಿ ಇರೋದು ಕೇಂದ್ರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಮಾದರಿ ಅಂದ್ರೆ ಮಾದರಿನೇ. ರಾಜ್ಯ ಅದನ್ನ ತನ್ನ ಕಾನೂನು ಮಾಡ್ಕೊಂಡ್ರೆ ಮಾತ್ರ ಅಲ್ಲಿ ಅದು ನಡೆಯುತ್ತೆ. ಆ ರೀಲ್ ತೋರಿಸಿ ಓನರ್ ಹತ್ರ ವಾದ ಮಾಡಿದ್ರೆ ಮನೆ ಕೈ ತಪ್ಪುತ್ತೆ, ಅಷ್ಟೇ.

1882ರ ಆಸ್ತಿ ವರ್ಗಾವಣೆ ಕಾಯ್ದೆ ನೋಡಿ. ತಿಂಗಳ ಬಾಡಿಗೆ ಮನೆಗೆ 15 ದಿನದ ನೋಟಿಸ್ ಸಾಕು ಅನ್ನುತ್ತೆ ಸೆಕ್ಷನ್ 106. ಸಹಜ ಬಳಕೆಯಿಂದ ಆಗೋ ಸವೆತ ಬಾಡಿಗೆದಾರನ ಹೊಣೆ ಅಲ್ಲ ಅನ್ನುತ್ತೆ ಸೆಕ್ಷನ್ 108. ಕೇಳೋಕೆ ಖುಷಿಯಾಗುತ್ತಲ್ವಾ? ಆದ್ರೆ ಎರಡಕ್ಕೂ ಒಂದೇ ಷರತ್ತು: ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲದಿದ್ರೆ. ನಮ್ಮ ಅಗ್ರಿಮೆಂಟಲ್ಲಿ ಬೇರೆ ಥರಾನೇ ಬರೆದಿತ್ತು, ಕೆಳಗೆ ನಮ್ಮ ಸಹಿ ಇತ್ತು. ಹಾಗಾಗಿ ನಾವು ಜಗಳ ಆಡಬೇಕಾಗಿದ್ದು ಖಾಲಿ ಮಾಡೋ ದಿನ ಅಲ್ಲ, ಸಹಿ ಹಾಕೋ ಮುಂಚೆ.

4/6
ಬಾಡಿಗೆ ಏರಿಕೆ. "10 ಪರ್ಸೆಂಟ್" ಅಂತ ಬರ್ಕೊಂಡು ಸುಮ್ಮನಾಗ್ತೀವಿ. ಪ್ರತಿ ವರ್ಷಕ್ಕಾ, ಪ್ರತಿ ರಿನ್ಯೂವಲ್‌ಗಾ? ಅಗ್ರಿಮೆಂಟ್ 11 ತಿಂಗಳದ್ದಾದ್ರೆ ರಿನ್ಯೂವಲ್ ವರ್ಷಕ್ಕಿಂತ ಒಂದು ತಿಂಗಳು ಮುಂಚೇನೇ ಬರುತ್ತೆ. 18,000 ಹನ್ನೆರಡನೇ ತಿಂಗಳಿಗೇ 19,800 ಆಗುತ್ತೆ. ಇನ್ನೊಂದ್ಸಲ ರಿನ್ಯೂ ಮಾಡಿದ್ರೆ 21,780, ಯಾಕಂದ್ರೆ ಎರಡನೇ 10 ಪರ್ಸೆಂಟ್ ಬೀಳೋದು ಏರಿದ ಬಾಡಿಗೆ ಮೇಲೆ. ಡಿಗ್ರಿ ಮುಗಿಯೋವರೆಗೂ ಅಲ್ಲೇ ಇರ್ತೀನಿ ಅನ್ನೋರು ಮೊದಲ ವರ್ಷದ ಬಾಡಿಗೆ ಅಲ್ಲ, ಮೂರನೇ ಅಂಕಿ ನೋಡಿ ಒಪ್ಕೊಳ್ಳಿ. ಬಾಡಿಗೆ ಏರಿದಾಗ ಅಡ್ವಾನ್ಸೂ ಏರಬೇಕು ಅಂತ ಎಲ್ಲಾದ್ರೂ ಇದ್ಯಾ ಅಂತಾನೂ ಹುಡುಕಿ.

5/6
ಹಾಗಾದ್ರೆ ಪಿಡಿಎಫ್ ಹೇಗೆ ಓದೋದು? ಸರ್ಚ್‌ನಲ್ಲಿ ಒಂದೊಂದಾಗಿ ಟೈಪ್ ಮಾಡಿ: notice, lock-in, vacate, deposit, painting, renewal, enhance. ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ಸರ್ಚ್ ಏನೂ ತೋರಿಸಲ್ಲ. ಹಾಗಂತ ಆ ಷರತ್ತೇ ಇಲ್ಲ ಅಂದ್ಕೋಬೇಡಿ, ಕೂತು ಪೂರ್ತಿ ಓದಿ.

ಒಂದೇ ವಿಷಯ ಎರಡು ಕಡೆ ಸಿಗುತ್ತೆ, ನಿಜವಾದ ವಿಷಯ ಇರೋದೇ ಅಲ್ಲಿ. ನಮ್ಮದರಲ್ಲಿ ನೋಟಿಸ್ ಮೂರನೇ ಪುಟದಲ್ಲಿತ್ತು, ಅದು ಯಾವಾಗ ಶುರು ಅನ್ನೋದು ಆರನೇ ಪುಟದಲ್ಲಿ. ನಾನು ಮೂರನೇ ಪುಟಕ್ಕೇ ನಿಲ್ಲಿಸಿದ್ದೆ. ಓನರ್ ನಮಗೆ ಕೊಡಬೇಕಾದ ನೋಟಿಸ್ ಒಂದೇ ತಿಂಗಳು ಅನ್ನೋದೂ ಆರನೇ ಪುಟದಲ್ಲೇ ಇತ್ತು.

ಆಮೇಲೆ ಗ್ರೂಪಿಗೆ ಹಾಕೋ ಸಾರಾಂಶ ಹೀಗಿರಲಿ:
"ನೋಟಿಸ್ ಯಾವ ದಿನದಿಂದ ಕೊಡಬಹುದು, ಅತಿ ಬೇಗ ಅಂದ್ರೆ ಯಾವಾಗ ಹೊರಡಬಹುದು.
ಅವತ್ತು ಹೊರಟ್ರೆ ಅಡ್ವಾನ್ಸಲ್ಲಿ ಏನೇನು ಕಟ್, ಎಷ್ಟು ಬಾಕಿ.
ಆ ಬಾಕಿ ಯಾವ ದಿನ ಕೈಗೆ ಬರುತ್ತೆ.
ಎರಡು ಸಲ ರಿನ್ಯೂ ಮಾಡಿದ್ರೆ ಬಾಡಿಗೆ ಎಷ್ಟು."

ಮೂರನೇ ಸಾಲಿಗೆ "ಬಾಕಿಯೆಲ್ಲ ಚುಕ್ತಾ ಆದ ಮೇಲೆ" ಅಂತ ಮಾತ್ರ ಉತ್ತರ ಸಿಕ್ರೆ, ಅದು ತಾರೀಖೇ ಅಲ್ಲ. "ಕೀ ಕೊಟ್ಟ ದಿನ" ಅಂತ ಬರೆಸಿ. ಕೊನೇ ಎರಡು ತಿಂಗಳ ಬಾಡಿಗೆ ಅಡ್ವಾನ್ಸಲ್ಲೇ ಮುರ್ಕೊಳ್ಳಲಿ ಅಂದ್ಕೊಂಡಿದ್ರೆ ಅದನ್ನೂ ಬರೆಸಿ. ಎಷ್ಟೋ ಅಗ್ರಿಮೆಂಟಲ್ಲಿ ಹಾಗೆ ಮಾಡಬಾರದು ಅಂತ್ಲೇ ಇರುತ್ತೆ.

6/6
"ಇಷ್ಟೆಲ್ಲ ಕೇಳಿದ್ರೆ ಮನೆ ಬೇರೆಯವರಿಗೆ ಕೊಟ್ಬಿಡ್ತಾರೆ" ಅಂತೀರ. ನಿಜ, ಕೆಲವರು ಕೊಡ್ತಾರೆ. ಓನರ್ ಕಡೆಯಿಂದಲೂ ಯೋಚಿಸಿ, ದಿಢೀರ್ ಅಂತ ಖಾಲಿ ಆದ ಮನೆಗೆ ಮುಂದಿನವರು ಸಿಗೋವರೆಗೂ ನಷ್ಟ ಅವರದ್ದೇ. ಅದಕ್ಕೇ ಲಾಕ್-ಇನ್ ಬೇಡ, ನೋಟಿಸ್ ಬೇಡ ಅಂತ ನಾನು ಹೇಳ್ತಿಲ್ಲ. ಎಲ್ಲದಕ್ಕೂ ಜಗಳ ಆಡದೆ ಒಂದೇ ಒಂದು ಸಾಲು ಬದಲಾಯಿಸಿ ಅಂತ ಕೇಳಿ: "ಲಾಕ್-ಇನ್ ಅವಧಿಯಲ್ಲೇ ನೋಟಿಸ್ ಕೊಡಬಹುದು, ಎರಡೂ ಒಟ್ಟಿಗೆ ಮುಗಿಯುತ್ತವೆ." ಇದರಿಂದ ಓನರ್‌ಗೆ ಆರು ತಿಂಗಳು ಖಾತ್ರಿ, ಹೊಸಬರನ್ನ ಹುಡುಕೋಕೆ ಎರಡು ತಿಂಗಳೂ ಸಿಗುತ್ತೆ.

ಇದನ್ನ ಬ್ರೋಕರ್‌ಗೆ ಬಾಯಲ್ಲಿ ಹೇಳಿ "ಆಯ್ತು ಬಿಡಿ" ಅನ್ನಿಸ್ಕೊಂಡ್ರೆ ಸಾಕಾಗಲ್ಲ. ಹೊಸ ಪಿಡಿಎಫ್ ಬರಬೇಕು, ಅದನ್ನ ಮತ್ತೆ ಓದಬೇಕು.

ನಮಗೆ ಆ 39,000 ತಲಾ 13,000. ಇಂಟರ್ನ್‌ಶಿಪ್‌ಗೆ ಹೋದೋನು ತನ್ನ ಪಾಲನ್ನ ಇನ್ನೂ ಮನೇಲಿ ಹೇಳಿಲ್ಲ. ಸಾರಾಂಶ ಬರೆದೋನು ನಾನು, ಹಾಗಾಗಿ ಅವನಿಗೆ ಏನಾದ್ರೂ ಹೇಳೋಕೆ ನನಗೂ ಬಾಯಿಲ್ಲ.

ಸೇವ್ ಮಾಡ್ಕೊಳ್ಳಿ. ನಿಮ್ಮ ಗುಂಪಲ್ಲಿ ಇಂಗ್ಲಿಷ್ ಓದೋನು ಯಾರೋ, ಅವನನ್ನ ಟ್ಯಾಗ್ ಮಾಡಿ.

#ಬಾಡಿಗೆಮನೆ #ಸಹಿಗೆಮುಂಚೆ #ಬಿಕಾಂಲೆಕ್ಕ