ಬೈತಲೆ ಹೇಳುವ ಗುಟ್ಟು

ಕೃತಕ ಕೇಶವು ಕನ್ನಡಿಯನ್ನು ಸುಲಭವಾಗಿ ಒಪ್ಪಿಸುತ್ತದೆ. ಛಾಯಾಚಿತ್ರವನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ. ಎದುರಿಗೆ ಕುಳಿತು ಮಾತನಾಡುವವರ ದೃಷ್ಟಿ ಕಣ್ಣಿನ ಮೇಲೆ, ತುಟಿಯ ಮೇಲೆ ಇರುತ್ತದೆ. ತಲೆ ಅಲುಗುತ್ತದೆ, ಬೆಳಕು ಬದಲಾಗುತ್ತದೆ. ಚಿತ್ರದಲ್ಲಾದರೋ ಎಲ್ಲವೂ ನಿಶ್ಚಲ. ನೋಡುವವರು ಬೇಕಾದಷ್ಟು ಹೊತ್ತು ನೋಡಬಹುದು, ಬೇಕಾದಷ್ಟು ಹಿಗ್ಗಿಸಿ ನೋಡಬಹುದು. ಗುಣವಂತೆಯ ಸುತ್ತಮುತ್ತ ಯಕ್ಷಗಾನ ನೋಡಿ ಬೆಳೆದವರಿಗೆ ಸ್ತ್ರೀವೇಷದ ಕಟ್ಟುಜಡೆ ಹೊಸದಲ್ಲ. ರಂಗಸ್ಥಳದ ಬೆಳಕಿನಲ್ಲಿ, ಹತ್ತು ಮಾರು ದೂರದಿಂದ ಅದು ನಿಜವಾದ ಜಡೆಯೇ. ಮದುವೆಯ ಆಲ್ಬಮ್ಮು ಮಾತ್ರ ತೊಡೆಯ ಮೇಲೆ ತೆರೆದುಕೊಳ್ಳುವ ವಸ್ತು.

ಕುಮಟೆಯ ಗೃಹಿಣಿಯೊಬ್ಬರಿಗೆ ಈ ವ್ಯತ್ಯಾಸವೇ ಚಿಂತೆಯಾಗಿ ಕಾಡಿತು. ಕ್ಯಾನ್ಸರ್ ಚಿಕಿತ್ಸೆ ಮಾಘಮಾಸದಲ್ಲಿ ಮುಗಿದಿತ್ತು. ವೈಶಾಖದಲ್ಲಿ ಮಗಳ ಮದುವೆ. ಉದುರಿದ ಕೂದಲು ಮತ್ತೆ ಚಿಗುರತೊಡಗಿದ್ದರೂ ಅದು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು. “ಧಾರೆಗೆ ಕೂರುತ್ತೇನೆ, ಊಟಕ್ಕೆ ಬಡಿಸುತ್ತೇನೆ. ಫೋಟೋಕ್ಕೆ ಮಾತ್ರ ನನ್ನನ್ನು ಕರೆಯಬೇಡಿ” ಎಂದು ಆಕೆ ಹೇಳಿಬಿಟ್ಟಿದ್ದರು. “ಆಯಿ, ನೀನಿಲ್ಲದ ಆಲ್ಬಮ್ಮು ನನಗೆ ಯಾತಕ್ಕೆ?” ಎಂದು ಮಗಳ ಹಟ. ಕೊನೆಗೆ ಹೊನ್ನಾವರದ ನಾದಿನಿ ರಾಜಿ ಮಾಡಿಸಿದರು: ಚೈತ್ರದಲ್ಲಿಯೇ ಒಮ್ಮೆ ವಿಗ್ಗು ಧರಿಸಿ ಚಿತ್ರ ತೆಗೆದು ನೋಡುವುದು, ದೋಷ ಕಂಡರೆ ತಿದ್ದುವುದು, ತಿದ್ದಲಾಗದಿದ್ದರೆ ಅತ್ತಿಗೆಯ ಮಾತೇ ಮಾತು. ನಾದಿನಿ ರವಿಕೆ ಹೊಲಿಯುವವರು. ಹೊಲಿಗೆಯ ಸೊಟ್ಟ ಅವರ ಕಣ್ಣಿಗೆ ತಪ್ಪುವುದಿಲ್ಲ.

ಪರೀಕ್ಷೆಗೆ ಅವರು ಆರಿಸಿದ ಸ್ಥಳ ಅಪ್ಸರಕೊಂಡ. ಹೊನ್ನಾವರದಿಂದ ದಕ್ಷಿಣಕ್ಕೆ ಕೆಲವೇ ಮೈಲಿಯ ಹಾದಿ. ಅಪ್ಸರೆಯರು ಮೀಯುತ್ತಿದ್ದರೆಂಬ ಐತಿಹ್ಯವಿರುವ ಕೊಳ, ಅದಕ್ಕೆ ಇಳಿಯುವ ಜಲಪಾತ, ಮೇಲೆ ಬಯಲಾದ ಗುಡ್ಡ, ಕೆಳಗೆ ಪಡುಗಡಲು. ನೆತ್ತಿಯ ಬಿಸಿಲು, ಮರದ ನೆರಳು, ಸಂಜೆಯ ಗಾಳಿ, ಮೂರೂ ಒಂದೇ ಕಡೆ ದೊರೆಯುವುದರಿಂದ ಕೂದಲಿನ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಜಾಗ ಆ ಸೀಮೆಯಲ್ಲಿ ವಿರಳ.

ಮೊದಲ ಚಿತ್ರ ತೆಗೆದದ್ದು ಗುಡ್ಡದ ಮೇಲೆ, ಹೊತ್ತು ಹನ್ನೊಂದಾದಾಗ. ಮೊಬೈಲಿನ ಪರದೆಯಲ್ಲಿ ಸಣ್ಣದಾಗಿ ನೋಡಿದಾಗ ಎಲ್ಲರೂ ‘ಚೆನ್ನಾಗಿದೆ’ ಎಂದರು. ನಾದಿನಿ ಮಾತ್ರ ಚಿತ್ರವನ್ನು ಹಿಗ್ಗಿಸಿ, ಹಣೆಯ ಮೇಲಿನ ಕೂದಲಂಚನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ದಾರ ಹಿಡಿದಂತೆ ನೋಡುತ್ತ ಹೋದರು. ಹುಟ್ಟುಗೂದಲಿನ ಅಂಚು ಎಂದೂ ಗೆರೆಯಲ್ಲ. ಮೊದಲು ನವಿರಾದ, ಗಿಡ್ಡನೆಯ ಎಳೆಗೂದಲು. ಅದರ ಹಿಂದೆ ತುಸು ದಟ್ಟ. ಅರ್ಧದಿಂದ ಒಂದು ಸೆಂಟಿಮೀಟರ್ ಒಳಗೆ ಹೋದ ಮೇಲೆಯೇ ಪೂರ್ಣ ದಟ್ಟಣೆ. ಎಡಕ್ಕೂ ಬಲಕ್ಕೂ ಸರಿಹೊಂದುವುದಿಲ್ಲ. ಒಂದು ಕಣತಲೆಯ ಬಳಿ ಸ್ವಲ್ಪ ಮೇಲೆ, ಇನ್ನೊಂದರ ಬಳಿ ಸ್ವಲ್ಪ ಕೆಳಗೆ. ಇಲ್ಲಿ ಹಾಗಿರಲಿಲ್ಲ. ಕೂದಲು ಹಣೆಯ ಮೇಲೆ ಅಂಚುಪಟ್ಟಿ ಹೊಲಿದಂತೆ ಒಮ್ಮೆಲೇ ಆರಂಭವಾಗಿತ್ತು. ಅಂಚಿನ ಅಡಿಯಲ್ಲಿ ಕೂದಲಿನಷ್ಟೇ ಸಣ್ಣದೊಂದು ನೆರಳು. ಇನ್ನೂ ಹಿಗ್ಗಿಸಿದಾಗ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು.

ಆ ನೆರಳಿನ ಕಾರಣ ಸರಳ. ಜಾಳಿಗೆಯ ಅಂಚು ಚರ್ಮಕ್ಕೆ ಅಂಟದೆ ಕಾಗದದ ದಪ್ಪದಷ್ಟು ಎದ್ದಿದ್ದರೂ ಸಾಕು, ನೆತ್ತಿಯ ಬಿಸಿಲು ಅದರ ನೆರಳನ್ನು ಹಣೆಯ ಮೇಲೆ ಬರೆಯುತ್ತದೆ. ಚುಕ್ಕೆಗಳೆಂದರೆ ಒಂದೊಂದೇ ಕೂದಲನ್ನು ಜಾಳಿಗೆಗೆ ಕಟ್ಟಿದ ಗಂಟುಗಳು. ಅಲ್ಲದೆ ಇಡೀ ವಿಗ್ಗು ಕೆಳಗೆ ಜಾರಿತ್ತು. ಹುಬ್ಬಿನಿಂದ ಕೂದಲಂಚಿಗೆ ಸಾಮಾನ್ಯವಾಗಿ ತಮ್ಮದೇ ಕೈಯ ನಾಲ್ಕು ಬೆರಳು ಹಿಡಿಸಬೇಕು. ಆಕೆಯ ಹಣೆಗೆ ಮೂರೇ ಹಿಡಿಸಿದವು. ತಲೆ ಬೋಳೆಂದು ತಿಳಿದೀತೆಂಬ ಭಯದಿಂದ ಮುಂದಕ್ಕೆ ಎಳೆದುಕೊಳ್ಳುವುದು ಬಹುಮಂದಿಯ ಅಭ್ಯಾಸ. ಚಿತ್ರದಲ್ಲಿ ಗುಟ್ಟು ಬಯಲಾಗುವುದೂ ಅದರಿಂದಲೇ.

ತಿದ್ದುಪಡಿ ಹೀಗೆ ನಡೆಯಿತು. ವಿಗ್ಗನ್ನು ಒಂದು ಬೆರಳು ಹಿಂದಕ್ಕೆ ಸರಿಸಿದರು. ಜಾಳಿಗೆಯ ಒಳಮೈಗೆ ಆಕೆಯ ಮೈಬಣ್ಣದ ಮುಖದ ಪೌಡರನ್ನು ಒತ್ತಿದ್ದರಿಂದ ಗಂಟುಗಳು ಮಸುಕಾದವು. ಗಂಟುಗಳ ಬಣ್ಣವನ್ನು ರಾಸಾಯನಿಕದಿಂದ ತೆಗೆಯುವ ಕ್ರಮವೂ ಉಂಟು. ಆದರೆ ಹೊತ್ತು ಮೀರಿದರೆ ಕೂದಲು ಗಂಟಿನಲ್ಲಿಯೇ ತುಂಡಾಗುವುದರಿಂದ ಅದು ಕಸುಬುದಾರರ ಕೆಲಸ. ಅಂಚಿನ ದಟ್ಟಣೆಯನ್ನು ನಾದಿನಿಯೇ ಚಿಮಟದಿಂದ ತೆಳುವಾಗಿಸಿದರು. ತುದಿಯ ಸಾಲನ್ನು ಮುಟ್ಟದೆ, ಅದರ ಹಿಂದಿನ ಎರಡು ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಕಿತ್ತು, ಪ್ರತಿ ಹತ್ತು ಕೂದಲಿಗೊಮ್ಮೆ ನಿಲ್ಲಿಸಿ ದೂರದಿಂದ ನೋಡಿದರು. ಕಿತ್ತದ್ದು ಮತ್ತೆ ಬರುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಎರಡು ಸಂಜೆಗಳೇ ಹಿಡಿದವು. ಅಂಚನ್ನು ಕೂರಿಸಲು ಬೇಕಾದ ಅಂಟುಪಟ್ಟಿಯನ್ನು ಮೊದಲು ತೋಳಿಗೆ ಅಂಟಿಸಿ, ಒಂದು ದಿನ ಕಾದು, ತುರಿಕೆ ಬಾರದೆಂದು ತಿಳಿದ ಮೇಲೆ, ವೈದ್ಯರನ್ನೂ ಕೇಳಿ ಹಣೆಗೆ ಬಳಸಿದರು. ಇಂತಹ ಚಿಕಿತ್ಸೆಯ ನಂತರ ಚರ್ಮ ಬಹು ಸೂಕ್ಷ್ಮವಾಗಿರುತ್ತದೆ.

ಎರಡನೆಯ ಚಿತ್ರ ಕೊಳದ ಬಳಿಯದು. ಚೈತ್ರದ ನೀರು ಸಣ್ಣಗೆ ಇಳಿಯುತ್ತಿತ್ತು. ತಾಯಿ ಕೆಳಗೆ ನಿಂತಿದ್ದರು. ಮಗಳು ಎರಡು ಮೆಟ್ಟಿಲು ಮೇಲಿನಿಂದ ಚಿತ್ರ ತೆಗೆದಳು. ಎತ್ತರದಿಂದ ತೆಗೆದ ಚಿತ್ರದಲ್ಲಿ ಹಣೆಯ ಅಂಚು ಬಚಾವಾಗುತ್ತದೆ, ಬೈತಲೆ ಸಿಕ್ಕಿಬೀಳುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಬೈತಲೆ ಸುಣ್ಣದ ಗೆರೆಯಂತೆ ಬಿಳಿಚಿ, ಅಡ್ಡಪಟ್ಟಿಯಿಟ್ಟು ಎಳೆದಂತೆ ನೇರವಾಗಿ, ನೆತ್ತಿಯನ್ನು ದಾಟಿ ಹೋಗಿತ್ತು. ಎರಡೂ ಬದಿಯ ಕೂದಲು ಬುಡದಲ್ಲಿ ಸ್ವಲ್ಪ ಮೇಲಕ್ಕೆದ್ದು, ಆ ಮೇಲೆ ಬಾಗಿತ್ತು.

ಒಪ್ಪವಾದ ಬೈತಲೆ ಹೇಗಿರಬೇಕೆಂದು ತಿಳಿಯಲು ಪುಸ್ತಕ ಬೇಕಾಗಲಿಲ್ಲ. ನಾದಿನಿ ಮಗಳನ್ನೇ ತಾಯಿಯ ಪಕ್ಕದಲ್ಲಿ ನಿಲ್ಲಿಸಿ ಇಬ್ಬರ ತಲೆಯನ್ನೂ ಒಂದೇ ಚಿತ್ರದಲ್ಲಿ ತೆಗೆಸಿದರು. ಒಂದೇ ಬೆಳಕಿನಲ್ಲಿ ಎರಡು ಬೈತಲೆ. ಇದಕ್ಕಿಂತ ನಂಬಿಕೆಯ ಅಳತೆ ಇನ್ನಿಲ್ಲ. ಮಗಳ ಬೈತಲೆಯ ಚರ್ಮ ಹಣೆಗಿಂತ ತುಸು ತಿಳಿಯಾಗಿದ್ದರೂ ಅದೇ ಕಂದುಬಣ್ಣದ್ದು. ಅಗಲ ಒಂದೇ ಸಮನಲ್ಲ; ನಡುವೆ ಒಂದೆರಡು ಕೂದಲು ಗಡಿ ಮೀರಿ ಆಚೆ ಹೋಗಿದ್ದವು. ನೆತ್ತಿಯ ಸುಳಿಯ ಬಳಿ ಅದು ತಾನಾಗಿಯೇ ಕರಗಿಹೋಗಿತ್ತು. ತಾಯಿಯ ಬೈತಲೆಗೂ ಇವನ್ನೇ ಮಾಡಿದರು: ಸಣ್ಣ ಕುಂಚದಿಂದ ಕಂದು ಪೌಡರು ಹಚ್ಚಿ, ಬಾಚಣಿಗೆಯ ಮೊನೆಯಿಂದ ಗೆರೆಯನ್ನು ಎರಡು ಕಡೆ ಒಡೆದು, ನೆತ್ತಿಯಲ್ಲಿ ನಿಲ್ಲಿಸಿದರು. ಬುಡದ ಉಬ್ಬನ್ನು ಒದ್ದೆ ಬಟ್ಟೆ ಕಟ್ಟಿ ಅರ್ಧ ಗಂಟೆ ಒಣಗಿಸಿ ತಗ್ಗಿಸಲಾಯಿತು. ಬೈತಲೆಯ ಮೊದಲಿಗಿಟ್ಟ ಕುಂಕುಮವು ಉಳಿದದ್ದನ್ನು ನೋಡಿಕೊಂಡಿತು.

ಸಂಜೆ ಕಡಲ ದಂಡೆಯಲ್ಲಿ ಹೊಳಪಿನ ಸರದಿ. ಕತ್ತಲಾಗುತ್ತಿದ್ದುದರಿಂದ ಮೊಬೈಲಿನ ಮಿಂಚುದೀಪ ತಾನಾಗಿಯೇ ಹೊತ್ತಿತು. ಚಿತ್ರದಲ್ಲಿ ತಲೆ ಒಂದು ಬಗೆಯಾಗಿ, ಜಡೆ ಇನ್ನೊಂದು ಬಗೆಯಾಗಿ ಹೊಳೆಯಿತು. ಮನುಷ್ಯರ ಕೂದಲಿನ ಮೈಮೇಲೆ ಮೀನಿನ ಪೊರೆಗಳಂತೆ ಸೂಕ್ಷ್ಮವಾದ ಪದರಗಳಿವೆ. ಬೆಳಕು ಅಲ್ಲಿ ಚೆದುರುತ್ತದೆ, ಹೊಳಪು ತುಂಡುತುಂಡಾಗಿ ಕಾಣುತ್ತದೆ. ಕೃತಕ ನೂಲಿನ ಮೈ ಗಾಜಿನಂತೆ ನುಣುಪು. ಬೆಳಕು ಪಟ್ಟಿಯಾಗಿ ಮರಳುತ್ತದೆ. ಆಕೆಯ ವಿಗ್ಗು ಮನುಷ್ಯರ ಕೂದಲಿನದು. ಜಡೆ ಉದ್ದವಾಗಲೆಂದು ಸೇರಿಸಿದ ಚೌರಿ ಮಾತ್ರ ಜಾತ್ರೆಯಲ್ಲಿ ಕೊಂಡ ನೂಲಿನದು! ಮನುಷ್ಯರ ಕೂದಲಿನಲ್ಲಿಯೂ ಭೇದವಿದೆ. ತಿರುಪತಿಯ ಮುಡಿಯಂತೆ ಒಟ್ಟಾಗಿ ಕತ್ತರಿಸಿದ ಕೂದಲಿನಲ್ಲಿ ಬುಡ ತುದಿಗಳನ್ನು ಒಂದೇ ದಿಕ್ಕಿಗೆ ಕಾಯ್ದುಕೊಳ್ಳಬಹುದು. ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಪಾತ್ರೆಗೋ ಬಲೂನಿಗೋ ಕೊಂಡು ಕೂಡಿಸುವಾಗ ಬುಡ ತುದಿ ಬೆರೆತುಹೋಗುತ್ತವೆ. ಸಿಕ್ಕಾಗದಿರಲೆಂದು ಅದರ ಪದರವನ್ನು ಆಮ್ಲದಿಂದ ತೆಗೆದು ಮೇಲೆ ಸಿಲಿಕೋನ್ ಲೇಪಿಸುವುದುಂಟು. ಹೊಸದರಲ್ಲಿ ಅದರ ಮಿರುಗು ಅತಿ. ಕೆಲವು ಸಲ ತೊಳೆದ ಮೇಲೆ ಮಿರುಗು ಇಳಿದು, ಕೂದಲು ಒರಟಾಗಿ ಸಿಕ್ಕುಗಟ್ಟುತ್ತದೆ.

ಚೌರಿಯನ್ನು ಕೂದಲಿನದಕ್ಕೆ ಬದಲಿಸಿದರು, ವಿಗ್ಗನ್ನು ಒಮ್ಮೆ ಮೃದುವಾಗಿ ತೊಳೆದರು, ಮಿಂಚುದೀಪವನ್ನು ಆರಿಸಿದರು. ಅಷ್ಟಕ್ಕೆ ಹೊಳಪಿನ ದೋಷ ಮುಗಿಯಿತು. ಗಾಳಿಯ ದೋಷ ಮುಗಿಯಲಿಲ್ಲ. ಕಡಲಿಗೆ ಮುಖ ಮಾಡಿದರೆ ಪಡುಗಾಳಿ ಕೂದಲನ್ನು ಹಿಂದಕ್ಕೆ ತಳ್ಳಿ ಹಣೆಯ ಅಂಚನ್ನು ತೆರೆಯುತ್ತದೆ. ಬೆನ್ನು ಮಾಡಿದರೆ ಕತ್ತಿನ ಹಿಂಭಾಗವನ್ನು. ಕಡಲ ದಂಡೆಯ ಚಿತ್ರವನ್ನು ಕೈಬಿಡುವುದೇ ಲೇಸೆಂದು ತೀರ್ಮಾನವಾಯಿತು.

ಅಂದಿನ ಚಿತ್ರಗಳಲ್ಲಿ ಒಂದು ತಮಾಷೆಯೂ ಅಡಗಿತ್ತು. ಕುಟುಂಬದ ಚಿತ್ರಗಳನ್ನು ನೋಡಿದ ಭಾವೀ ಬೀಗರ ಮನೆಯ ಹುಡುಗಿಯೊಬ್ಬಳು ‘ಇವರದು ವಿಗ್ಗೇ?’ ಎಂದು ಬೆರಳಿಟ್ಟದ್ದು ನಾದಿನಿಯ ಮೇಲೆ! ಅವರು ಹಿಂದಿನ ದಿನವಷ್ಟೇ ತಲೆಗೆ ಕಪ್ಪು ಬಣ್ಣ ಹಚ್ಚಿ, ಮೇಲೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಾಕಿದ್ದರು. ಬಣ್ಣವು ಬುಡದಿಂದ ತುದಿಯವರೆಗೆ ಒಂದೇ ಕಪ್ಪನ್ನು ಕೊಡುತ್ತದೆ. ಎಣ್ಣೆಯು ನೂಲಿನಂತೆಯೇ ಹೊಳೆಯುತ್ತದೆ. ಆದುದರಿಂದ ಹೊಳಪೊಂದನ್ನೇ ನಂಬಿದರೆ ಕರಾವಳಿಯ ಅರ್ಧ ಹೆಂಗಸರು ವಿಗ್ಗಿನವರಾಗಬೇಕಾದೀತು. ಎಣ್ಣೆಯ ತಲೆಯಲ್ಲಿ ಕೂದಲು ಎಸಳೆಸಳಾಗಿ ಕೂಡಿಕೊಂಡಿರುತ್ತದೆ, ಬೈತಲೆಯ ಚರ್ಮವೂ ಜೊತೆಗೆ ಮಿನುಗುತ್ತದೆ. ವಿಗ್ಗಿನಲ್ಲಿ ಕೂದಲು ಹೊಳೆದರೂ ಬೈತಲೆ ಒಣಗಿರುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವ ಮೊಬೈಲಿನ ಉಪಾಯವೂ ಮೋಸ ಮಾಡುತ್ತದೆ: ಹಾರಾಡುವ ಎಳೆಗೂದಲನ್ನು ಅದು ಹಿನ್ನೆಲೆಯೊಡನೆ ಅಳಿಸಿ, ಹುಟ್ಟುಗೂದಲಿಗೂ ಕತ್ತರಿಸಿಟ್ಟ ಅಂಚನ್ನು ಕೊಡುತ್ತದೆ. ಅಂಚು, ಬೈತಲೆ, ಹೊಳಪು ಈ ಮೂರರಲ್ಲಿ ಎರಡಾದರೂ, ಬೇರೆ ಬೇರೆ ಬೆಳಕಿನ ಎರಡು ಚಿತ್ರಗಳಲ್ಲಿ ಒಂದೇ ಮಾತನ್ನು ಹೇಳದ ಹೊರತು ತೀರ್ಪು ಕೊಡುವುದು ಸಲ್ಲದು. ಪರರ ತಲೆಯ ವಿಷಯದಲ್ಲಿ ತೀರ್ಪನ್ನು ಬಾಯಿಬಿಟ್ಟು ಹೇಳುವುದಂತೂ ಸಲ್ಲವೇ ಸಲ್ಲದು.

ಹದಿನೈದು ದಿನಗಳ ಬಳಿಕ ಕೊಳದ ನೆರಳಿನಲ್ಲಿಯೇ ಮತ್ತೊಮ್ಮೆ ಚಿತ್ರ ತೆಗೆದರು. ಈ ಬಾರಿ ಒಂದನ್ನು ಆಲ್ಬಮ್ಮಿನ ಇಡೀ ಪುಟದ ಅಳತೆಗೆ ಮುದ್ರಿಸಿ ತರಿಸಿದರು. ಪರದೆಯಲ್ಲಿ ಅಡಗುವ ಅಂಚು ಕಾಗದದಲ್ಲಿ ಅಡಗುವುದಿಲ್ಲ. ಉಳಿದದ್ದು ಕಿವಿಯ ಮುಂದಿನ ಬರಿದಾದ ಜಾಗವೊಂದೇ. ಅಲ್ಲಿಗೆ ವಿಗ್ಗಿನ ಬದಿಯಿಂದ ನಾಲ್ಕೆಳೆ ಕೂದಲನ್ನು ಇಳಿಬಿಟ್ಟರು. ಕತ್ತಿನ ಹಿಂದಿನ ಅಂಚನ್ನು ಭಟ್ಕಳ ಮಲ್ಲಿಗೆಯ ದಂಡೆ ಮುಚ್ಚಿತು. ತಾಯಿ ಆ ಚಿತ್ರವನ್ನು ಕಿಟಕಿಯ ಬಳಿಗೆ ಒಯ್ದು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಸೀರೆಯ ನೆರಿಗೆ ಸರಿಯಿಲ್ಲ” ಎಂದರು. ಛಾಯಾಗ್ರಾಹಕನಿಗೆ ಕೊಡಬೇಕಾದ ಚೀಟಿಯನ್ನು ಮಗಳು ಆಗಲೇ ಬರೆಯತೊಡಗಿದ್ದಳು: ನೆರಳಿನ ಬೆಳಕು, ಕಣ್ಣಿನ ಮಟ್ಟದಿಂದ, ಎರಡು ಮೀಟರಿಗಿಂತ ಹತ್ತಿರ ಬಾರದೆ, ಮಿಂಚುದೀಪವನ್ನು ನೇರವಾಗಿ ಮುಖಕ್ಕೆ ಬಿಡದೆ, ಆಯಿಯ ಚಿತ್ರಗಳು ಬಿಸಿಲೇರುವ ಮೊದಲೇ.