ಐದು ನಿಮಿಷದಲ್ಲಿ ಯಾವ ಕಥೆ?



ನಮ್ಮ ಶಾಲಾ ವಾರ್ಷಿಕೋತ್ಸವದ ವಿಡಿಯೋ 3 ಗಂಟೆ 20 ನಿಮಿಷ ಇದೆ. ಅದರಿಂದ 5 ನಿಮಿಷದ ಚಿತ್ರ ಮಾಡುವ ಕೆಲಸ ನಮ್ಮ ತರಗತಿಗೆ ಬಂದಿದೆ. "ಎಲ್ಲಾ ಕಾರ್ಯಕ್ರಮದ್ದೂ ಸ್ವಲ್ಪ ಸ್ವಲ್ಪ ಹಾಕೋಣ, ಯಾರಿಗೂ ಬೇಜಾರಾಗಲ್ಲ" ಅಂತ ಹೆಚ್ಚಿನವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. 5 ನಿಮಿಷ ಅಂದ್ರೆ 300 ಸೆಕೆಂಡು. ಕಾರ್ಯಕ್ರಮಗಳು 20. ಒಂದೊಂದಕ್ಕೆ 15 ಸೆಕೆಂಡು ಬರುತ್ತೆ. ಅಷ್ಟರಲ್ಲಿ ಹಾಡಿನ ಪಲ್ಲವಿಯೂ ಮುಗಿಯಲ್ಲ. ಇಪ್ಪತ್ತು ಸಲ ಹಾಡು ತುಂಡಾದರೆ ನೋಡುವವರಿಗೆ ಯಾವುದೂ ನೆನಪಿರುವುದಿಲ್ಲ.

ನಾನು ಪೂರ್ತಿ ವಿಡಿಯೋ ನೋಡಿ, ಎಷ್ಟನೇ ನಿಮಿಷಕ್ಕೆ ಏನಾಯ್ತು, ಧ್ವನಿ ಸರಿಯಾಗಿ ಕೇಳುತ್ತಾ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಾಲೀಮಿನ ಕಥೆ ಮಾಡೋಣ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ರೆಕಾರ್ಡಿಂಗ್ ಶುರುವಾಗೋದೇ ಪ್ರಾರ್ಥನೆಯಿಂದ. ಇಲ್ಲದ ದೃಶ್ಯದಿಂದ ಕಥೆ ಕಟ್ಟಲಾಗುವುದಿಲ್ಲ.

ಕಥೆ ಸಿಕ್ಕಿದ್ದು 1 ಗಂಟೆ 52ನೇ ನಿಮಿಷದಲ್ಲಿ. ಕೋಲಾಟದ ನಡುವೆ ಕರೆಂಟು ಹೋಯ್ತು. ಪರದೆ ಪೂರ್ತಿ ಕಪ್ಪು, ಆದರೆ ಕೋಲಿನ ಸದ್ದು ನಿಲ್ಲಲಿಲ್ಲ! ಆಮೇಲೆ ಯಾರೋ ಟ್ರ್ಯಾಕ್ಟರ್ ಲೈಟು ಹಾಕಿದರು. ಕರೆಂಟು ಬರುವವರೆಗೂ ಹುಡುಗಿಯರು ಆಡುತ್ತಲೇ ಇದ್ದರು.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಮೊದಲ 40 ಸೆಕೆಂಡು ಪ್ರಾರ್ಥನೆ, ಮತ್ತು ವೇದಿಕೆ ಪಕ್ಕದಲ್ಲಿ ಕೋಲು ಹಿಡಿದು ಕಾಯುವ ಹುಡುಗಿಯರು. ಮೊದಲೇ ಅವರ ಮುಖ ಕಂಡಿದ್ದರೆ ಆಮೇಲೆ ಅವರ ಬಗ್ಗೆ ಚಿಂತೆ ಹುಟ್ಟುತ್ತೆ. ನಂತರ 110 ಸೆಕೆಂಡು ಐದೇ ಐದು ಕಾರ್ಯಕ್ರಮಗಳು, ಮುಖ್ಯ ಅತಿಥಿಗಳ ಒಂದು ಮಾತು. ಕೋಲಾಟ ಮತ್ತು ಕತ್ತಲೆಗೆ 80 ಸೆಕೆಂಡು. ಆದರೆ ಪೂರ್ತಿ ಕಪ್ಪು 10 ಸೆಕೆಂಡು ಸಾಕು, ಹೆಚ್ಚಾದರೆ ವಿಡಿಯೋ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಉಳಿದ 70 ಸೆಕೆಂಡು ಬೆಳಕು, ಚಪ್ಪಾಳೆ, ಬಹುಮಾನ, ಖಾಲಿ ಚಾಪೆಗಳು.

ಕರೆಂಟು ಹೋಗಿದ್ದನ್ನು ಕೊನೆಗೆ ಹಾಕಿದರೆ ಇನ್ನೂ ರೋಮಾಂಚನ ಅಂತ ಗೆಳೆಯನೊಬ್ಬ ಹೇಳಿದ. ಬೇಡ. ಊರಿನವರೆಲ್ಲ ಅಲ್ಲೇ ಕೂತಿದ್ದರು. ಕ್ರಮ ಬದಲಾಯಿಸಿದರೆ "ಇದು ಹೀಗಾಗಲಿಲ್ಲವಲ್ಲ" ಅನ್ನುತ್ತಾರೆ.

"ನಮ್ಮ ಮಗು ಕಾಣಲ್ಲ" ಅಂತ ಅಪ್ಪ ಅಮ್ಮಂದಿರು ಕೇಳುವುದು ನಿಜ. ಅದಕ್ಕೇ ಚಪ್ಪಾಳೆಯ ದೃಶ್ಯದಲ್ಲಿ ಸಾಧ್ಯವಾದಷ್ಟು ಮುಖ ತೋರಿಸೋಣ. ಪೂರ್ತಿ ವಿಡಿಯೋವನ್ನು ಅಳಿಸದೆ ಶಾಲೆಯಲ್ಲಿ ಇಡೋಣ, ಬೇಕಾದವರು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಲಿ. ಅಂದಹಾಗೆ, ನನ್ನ ಏಕಪಾತ್ರಾಭಿನಯವೂ ಆ ಐದರಲ್ಲಿ ಇಲ್ಲ. ನಾನೇ ತೆಗೆದೆ, ಬೇಜಾರೂ ಆಯ್ತು.

ಸಿದ್ಧವಾದ ಮೇಲೆ ಅವತ್ತು ಬರದೇ ಇದ್ದ ನಮ್ಮಜ್ಜಿಗೆ ತೋರಿಸೋಣ. "ಏನಾಯ್ತಜ್ಜಿ?" ಅಂತ ಕೇಳಿದಾಗ ಅವರು ಕೋಲಾಟದ ಕಥೆ ಹೇಳಿದರೆ ನಾವು ಗೆದ್ದಂತೆ. "ಮಕ್ಕಳು ಚೆನ್ನಾಗಿ ಕುಣಿದ್ರು" ಅಂದರೆ ಮತ್ತೆ ಕೂತು ಕತ್ತರಿಸಬೇಕು.

– ಒಂಬತ್ತನೇ ತರಗತಿಯ ವಿದ್ಯಾರ್ಥಿ