ಏಳನ್ನ ಬಿಟ್ಟು ಏರನ್ನ ನೋಡೋಣ

ಟೈಟ್ರೇಶನ್ ಕರ್ವ್ ಕೊಟ್ಟು ಈಕ್ವಿವಲೆನ್ಸ್ ಪಾಯಿಂಟ್ ಗುರುತಿಸಿ ಅಂದ್ರೆ, ನಮ್ಮಲ್ಲಿ ತುಂಬಾ ಜನರ ಕಣ್ಣು ಮೊದಲು ಹೋಗೋದು ಪಿಎಚ್ 7ರ ಗೆರೆಗೆ. ಅದಕ್ಕೆ ಕಾರಣ ಇದೆ. ಪಿಯುಸಿಯಲ್ಲಿ ನಾವು ಮೊದಲು ನೋಡೋ ಕರ್ವ್ ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಜೋಡಿಯದ್ದು. ಅಲ್ಲಿ ಉತ್ತರ ನಿಜವಾಗಿಯೂ 7. ಆದರೆ ಅದೇ ಸಂಖ್ಯೆಯನ್ನ ನಿಯಮ ಅಂತ ತಲೆಗೆ ಹಾಕಿಕೊಂಡ್ರೆ, ಆಸಿಡ್ ಬದಲಾದ ಕೂಡಲೇ ನಿಯಮ ಕೈಕೊಡುತ್ತೆ.

ಅಸಿಟಿಕ್ ಆಸಿಡ್ ತಗೊಳ್ಳೋಣ. ಫ್ಲಾಸ್ಕ್‌ನಲ್ಲಿ 0.1 ಮೋಲಾರ್ ಆಸಿಡ್ 25 ಎಂಎಲ್ ಇದೆ, ಬ್ಯುರೆಟ್‌ನಲ್ಲಿ ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಇದೆ. ಲೆಕ್ಕದ ಪ್ರಕಾರ 25.0 ಎಂಎಲ್ ಹಾಕಿದಾಗ ಆಸಿಡ್ ಪೂರ್ತಿ ಮುಗಿಯುತ್ತೆ. ಆಗ ಫ್ಲಾಸ್ಕ್‌ನಲ್ಲಿ ಉಳಿಯೋದು ಸೋಡಿಯಂ ಅಸಿಟೇಟ್. ಅಸಿಟೇಟ್ ನೀರಿನಿಂದ ಒಂದಿಷ್ಟು ಹೈಡ್ರೋಜನ್ ಅಯಾನು ಕಿತ್ತುಕೊಳ್ಳುತ್ತೆ, ಹಾಗಾಗಿ ದ್ರಾವಣ ಸ್ವಲ್ಪ ಕ್ಷಾರೀಯ. ಪಿಎಚ್ ಸುಮಾರು 8.7. ಪಿಎಚ್ 7 ದಾಟಿದಾಗ ಇನ್ನೂ ಆಸಿಡ್ ಉಳಿದಿರುತ್ತೆ.

ಹಾಗಾದ್ರೆ ಪಾಯಿಂಟ್ ಹುಡುಕೋದು ಹೇಗೆ? ಕರ್ವ್ ಎಲ್ಲಿ ಅತಿ ಕಡಿದಾಗಿ ಏರುತ್ತೋ ಅಲ್ಲಿ. ಕಣ್ಣಳತೆ ಬೇಡ, ಒಂದೊಂದು ರೀಡಿಂಗ್‌ನಿಂದ ಹಿಂದಿನದನ್ನ ಕಳೆದ್ರೆ ಸಾಕು. ನಮ್ಮ ಉದಾಹರಣೆಯಲ್ಲಿ 24.8 ಎಂಎಲ್‌ನಲ್ಲಿ ಪಿಎಚ್ 6.85, 24.9ರಲ್ಲಿ 7.16, 25.0ರಲ್ಲಿ 8.73, 25.1ರಲ್ಲಿ 10.30, 25.2ರಲ್ಲಿ 10.60. ವ್ಯತ್ಯಾಸ ಮೊದಲು 0.31, ಆಮೇಲೆ ಎರಡು ಸಲ 1.57, ಮತ್ತೆ 0.30. ದೊಡ್ಡ ವ್ಯತ್ಯಾಸಗಳೆರಡೂ ಸೇರೋ ಜಾಗ 25.0. ಆಸಿಡ್ ಯಾವುದು ಅಂತ ಗೊತ್ತಿಲ್ಲದಿದ್ರೂ ಈ ದಾರಿ ನಡೆಯುತ್ತೆ.

ಒಂದೇ ಷರತ್ತು: ಜಿಗಿತದ ಹತ್ತಿರ ಬಂದಾಗ 0.1 ಎಂಎಲ್‌ನಂತೆ ಹಾಕಬೇಕು. ಬೇಗ ಮುಗಿಸೋಕೆ ಅಂತ 24.5ರಿಂದ ನೇರ 25.5ಕ್ಕೆ ಹೋದ್ರೆ ಪಿಎಚ್ 6.45ರಿಂದ 11.0ಕ್ಕೆ ಹಾರುತ್ತೆ. ಮಧ್ಯೆ ನಾವು ಚಂದವಾಗಿ ಎಳೆಯೋ ಗೆರೆ ಬರೀ ಊಹೆ. ಎರಡು ಚುಕ್ಕೆಗಳ ನಡುವೆ ಹೀಗೆ ಉದ್ದದ ಖಾಲಿ ಗೆರೆ ಕಂಡ್ರೆ ಆ ಗ್ರಾಫ್‌ನ ಉತ್ತರವನ್ನ ನಂಬಬಾರದು.

ಇಂಡಿಕೇಟರ್ ಆಯ್ಕೆಯೂ ಇದೇ ಏರಿನಿಂದ ಬರುತ್ತೆ. ಫಿನಾಲ್ಫ್ತಲೀನ್ ಬಣ್ಣ ಬದಲಿಸೋದು ಪಿಎಚ್ 8.2ರಿಂದ 10ರೊಳಗೆ, ಅಂದ್ರೆ ಜಿಗಿತದ ಒಳಗೇ. ಮೀಥೈಲ್ ಆರೆಂಜ್‌ನ ಬದಲಾವಣೆ 4.4ಕ್ಕೇ ಮುಗಿದಿರುತ್ತೆ. ನಮ್ಮ ಕರ್ವ್‌ನಲ್ಲಿ ಅದು ಬರೀ 7.6 ಎಂಎಲ್!

ಅದಕ್ಕೇ ನಮ್ಮ ಮಾತು: ಪರೀಕ್ಷೆಯಲ್ಲಿ ಎಸ್ ಆಕಾರದ ಚಿತ್ರ ಬಿಡಿಸಿ ಅನ್ನೋ ಬದಲು ಹತ್ತು ರೀಡಿಂಗ್ ಕೊಟ್ಟು ಪಾಯಿಂಟ್ ಹುಡುಕಿ ಅಂತ ಕೇಳಲಿ. ಆಗ ಉರು ಹೊಡೆದ 7 ಯಾರನ್ನೂ ಕಾಪಾಡಲ್ಲ, ಕಳೆಯೋ ಲೆಕ್ಕ ಕಾಪಾಡುತ್ತೆ.